55 ಸಾವಿರ ಜಾಸ್ತಿ ಕೊಡಬೇಕಾ ಬೇಡವಾ? ಲೆಕ್ಕ ಹಾಕಿ ನೋಡಿ

ಪ್ರಶ್ನೆ: ಎರಡು ಪೆಟ್ರೋಲ್ ಕಾರು ನೋಡಿದ್ದೇವೆ, ಹೆಚ್ಚುಕಡಿಮೆ ಒಂದೇ ಥರ. ಶೋರೂಂ ಬೆಲೆ ಒಂದಕ್ಕೆ 9.85 ಲಕ್ಷ, ಇನ್ನೊಂದಕ್ಕೆ 10.40 ಲಕ್ಷ. ಐದು ವರ್ಷ ಇಟ್ಟುಕೊಂಡರೆ ಯಾವುದು ಅಗ್ಗ? ಬೆಂಗಳೂರಿನಲ್ಲಿದ್ದೇವೆ.

ನಿಮ್ಮ ಎರಡು ಬೆಲೆಗಳ ನಡುವೆ 10 ಲಕ್ಷದ ಗೆರೆ ಇದೆ. ಮೊದಲು ಅದನ್ನು ನೋಡಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ 14%, ಹತ್ತು ದಾಟಿದರೆ 17%. ಆ ತೆರಿಗೆಯ ಮೇಲೆ 11% ಸೆಸ್ ಬೇರೆ. ಹತ್ತರ ಮೇಲಿನ 40 ಸಾವಿರಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೇ 17% ಬೀಳುತ್ತದೆ. ಹಾಗಾಗಿ ಮೊದಲ ಕಾರಿಗೆ ತೆರಿಗೆ ಸುಮಾರು 1.53 ಲಕ್ಷ, ಎರಡನೆಯದಕ್ಕೆ 1.96 ಲಕ್ಷ. ಇನ್ಶೂರೆನ್ಸ್‌ನ ಚೂರುಪಾರು ಸೇರಿಸಿದರೆ 55 ಸಾವಿರದ ವ್ಯತ್ಯಾಸ ರಸ್ತೆಗೆ ಇಳಿಯುವ ಹೊತ್ತಿಗೆ 1 ಲಕ್ಷ ಆಗಿರುತ್ತದೆ.

ದುಬಾರಿ ಕಾರಿನ ಕೊಟೇಷನ್‌ನಲ್ಲಿ ಟಿಸಿಎಸ್ ಅಂತ 1% ಕೂಡ ಇರುತ್ತದೆ. ಅದನ್ನು ಖರ್ಚಿಗೆ ಸೇರಿಸಬೇಡಿ. ನಿಮ್ಮ ಪ್ಯಾನ್ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಆ 1 ಲಕ್ಷವೂ ಸಾಲದಲ್ಲೇ ಬರುತ್ತದೆ ಅಲ್ವಾ? 9% ಬಡ್ಡಿಯಲ್ಲಿ ಐದು ವರ್ಷಕ್ಕೆ ಅದರ ಬಡ್ಡಿಯೇ ಸುಮಾರು 24,500. ಅಂದರೆ ಎರಡನೇ ಕಾರು ಈಗಾಗಲೇ 1,24,500 ಹಿಂದೆ ಬಿದ್ದಿದೆ. ಇದನ್ನು ಅದು ಪೆಟ್ರೋಲ್‌ನಲ್ಲಿ ಮತ್ತು ಮಾರುವಾಗಿನ ಬೆಲೆಯಲ್ಲಿ ತೀರಿಸಬೇಕು.

ಪೆಟ್ರೋಲ್ ಲೆಕ್ಕಕ್ಕೆ ಕಂಪನಿ ಹೇಳುವ ಮೈಲೇಜ್ ಮರೆತುಬಿಡಿ. ಸಿಲ್ಕ್ ಬೋರ್ಡ್‌ನಲ್ಲಿ ಫಸ್ಟ್ ಗೇರ್‌ನಲ್ಲಿ ತೆವಳುವಾಗ ಆ ಅಂಕಿ ಬರುವುದಿಲ್ಲ. ಆ ಕಾರು ಇಟ್ಟುಕೊಂಡಿರುವ ಇಬ್ಬರು ಮೂವರನ್ನು ಕೇಳಿ. ಆದರೆ 'ಮೈಲೇಜ್ ಎಷ್ಟು?' ಅಂತ ಕೇಳಬೇಡಿ, ಎಲ್ಲರೂ ಎರಡು ಸೇರಿಸಿಯೇ ಹೇಳುತ್ತಾರೆ. 'ಫುಲ್ ಟ್ಯಾಂಕ್ ಮಾಡಿಸಿ ಎಷ್ಟು ಕಿ.ಮೀ. ಓಡಿಸಿದಿರಿ, ಮತ್ತೆ ಫುಲ್ ಮಾಡಿಸಿದಾಗ ಎಷ್ಟು ಲೀಟರ್ ಹಿಡಿಯಿತು?' ಅಂತ ಕೇಳಿ. ನಾನೂ ಇಂಥದೇ ಎರಡು ಕಾರುಗಳ ನಡುವೆ ಸಿಕ್ಕಿಕೊಂಡಿದ್ದಾಗ ಹೀಗೇ ಕೇಳಿ ನೋಡಿದೆ, ಊರೊಳಗೆ ಮೊದಲನೆಯದಕ್ಕೆ ಲೀಟರಿಗೆ 12 ಕಿ.ಮೀ., ಎರಡನೆಯದಕ್ಕೆ 14 ಬಂತು. ಲೀಟರಿಗೆ 103 ರೂಪಾಯಿಯಂತೆ, ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ, ಐದು ವರ್ಷಕ್ಕೆ 5.15 ಲಕ್ಷ ಮತ್ತು 4.41 ಲಕ್ಷ. ಉಳಿತಾಯ ಸುಮಾರು 73,600.

ಮಾರುವ ಬೆಲೆಗೆ, ಅದೇ ಮಾಡೆಲ್‌ನ ಐದು ವರ್ಷದ ಹಿಂದಿನ ಕಾರು ಈಗ ಎಷ್ಟಕ್ಕೆ ಹೋಗುತ್ತಿದೆ ನೋಡಿ. ಜಾಹೀರಾತಿನ ಬೆಲೆ ಅಲ್ಲ, ಅದು ಮಾರುವವರ ಆಸೆ. ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ ಹೋಗಿ 'ಇಂಥ ಗಾಡಿ ತಂದರೆ ನೀವೆಷ್ಟು ಕೊಡ್ತೀರಿ?' ಅಂತ ಕೇಳಿ. ನನಗೆ ಎರಡನೇ ಕಾರಿಗೆ 60 ಸಾವಿರ ಜಾಸ್ತಿ ಹೇಳಿದರು. ಮಾಡೆಲ್ ಹೊಸದಾಗಿದ್ದರೆ ಈ ದಾರಿ ಇಲ್ಲ. ಆಗ ಅದೇ ಕಂಪನಿಯ ಹಳೆಯ ಕಾರು ನೋಡಿ ಸ್ವಲ್ಪ ಕಡಿಮೆಯೇ ಹಿಡಿಯಿರಿ.

ಸರ್ವಿಸ್‌ನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಟೈರು, ಬ್ಯಾಟರಿ ಎರಡಕ್ಕೂ ಒಂದೇ ಸಲ ಬರುವ ಖರ್ಚು. ಎರಡನೆಯದಕ್ಕೆ ಐದು ವರ್ಷಕ್ಕೆ 12 ಸಾವಿರ ಜಾಸ್ತಿ ಹಿಡಿದೆ.

ಈಗ ಕೂಡಿ ಕಳೆಯಿರಿ: 1,24,500 ಜೊತೆ 12,000, ಅದರಲ್ಲಿ 73,600 ಮತ್ತು 60,000 ಕಳೆದರೆ ಉಳಿದದ್ದು ಬರೀ 2,900. ಹೆಚ್ಚುಕಡಿಮೆ ಸಮ. ನಾನು ಎರಡನೆಯದನ್ನೇ ಬುಕ್ ಮಾಡುವವನಿದ್ದೆ.

ಆಗ ಹೆಂಡತಿ ಕೇಳಿದಳು, 'ವರ್ಷಕ್ಕೆ 12 ಸಾವಿರ ಕಿ.ಮೀ. ನಾವೆಲ್ಲಿ ಓಡಿಸ್ತೀವಿ?' ಹಳೆ ಕಾರಿನ ಸರ್ವಿಸ್ ಬಿಲ್ ತೆಗೆದೆವು. ಬಿಲ್‌ನಲ್ಲಿ ಆವತ್ತಿನ ಕಿ.ಮೀ. ಬರೆದಿರುತ್ತಾರಲ್ಲ, ಒಂದು ವರ್ಷದ ಅಂತರದ ಎರಡು ಬಿಲ್ ಹಿಡಿದು ಕಳೆದರೆ ಬಂದದ್ದು 6,100. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಶುರುವಾದ ಮೇಲೆ ಆಫೀಸಿಗೆ ಕಾರು ತೆಗೆಯುವುದೇ ನಿಂತಿತ್ತು, ಲೆಕ್ಕದಲ್ಲಿ ಮಾತ್ರ ನಾನು ಹಳೇ ಅಭ್ಯಾಸದಲ್ಲೇ ಇದ್ದೆ! ಹೆಚ್ಚುಕಡಿಮೆ 6,000 ಅಂತ ಹಾಕಿದರೆ ಪೆಟ್ರೋಲ್ ಉಳಿತಾಯ ಅರ್ಧಕ್ಕೆ ಇಳಿಯುತ್ತದೆ, ಮೊದಲ ಕಾರು ಸುಮಾರು 40 ಸಾವಿರ ಅಗ್ಗ. ಅದನ್ನೇ ತಂದೆವು. ವಾರವಾರ ಮೈಸೂರಿಗೆ ಹೋಗಿಬರುವ ನನ್ನ ಭಾವ ಅದೇ ಪಟ್ಟಿಯಲ್ಲಿ ತನ್ನ ಕಿ.ಮೀ. ಹಾಕಿ ನೋಡಿ ಎರಡನೆಯದನ್ನು ತಗೊಂಡರು.

ಹಾಗಾಗಿ ನಿಮ್ಮ ಹಳೇ ಕಾರಿನದ್ದೋ ಸ್ಕೂಟರ್‌ನದ್ದೋ ಎರಡು ಸರ್ವಿಸ್ ಬಿಲ್ ಹುಡುಕಿ ಶುರುಮಾಡಿ. ಇನ್ನೊಂದು: 10.40ರ ಕಾರಿನ ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್ 10 ಲಕ್ಷದೊಳಗೆ ಸಿಗುತ್ತದಾ ಅಂತಲೂ ಕೇಳಿ ನೋಡಿ. ಸಿಕ್ಕರೆ ತೆರಿಗೆಯಲ್ಲೇ 40 ಸಾವಿರ ಉಳಿಯುತ್ತದೆ, ಮೇಲಿನ ಲೆಕ್ಕ ಪೂರ್ತಿ ತಿರುಗಬಹುದು.