ಬಳೆ ಅಡ ಇಡೋ ಮೊದಲು ಪಟ್ಟಿ ಬರೆಸಿ

*ಸಂಪಾದಕರೇ, ನನ್ನ ತಮ್ಮನಿಗೆ 28. ಶಿವಮೊಗ್ಗದಲ್ಲಿ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಹೋದ ವಾರ ರಾತ್ರಿ ಫೋನ್ ಮಾಡಿ ಅತ್ತುಬಿಟ್ಟ. ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಮೂರು ಲಕ್ಷ ಸಾಲ ಆಗಿದೆಯಂತೆ. "ನಿನ್ನ ಬಳೆ ಅಡ ಇಟ್ಟು ಕೊಡು ಅಕ್ಕಾ, ಇದೇ ಕೊನೆ" ಅಂತಾನೆ. ಕೊಡದಿದ್ದರೆ ಏನಾದರೂ ಮಾಡಿಕೊಂಡಾನು ಅಂತ ಭಯ. ಕೊಟ್ಟರೆ ಮತ್ತೆ ಆಡಿಯಾನು ಅಂತ ಭಯ. ಅಪ್ಪನಿಗೂ ನಮ್ಮ ಯಜಮಾನರಿಗೂ ವಿಷಯ ಗೊತ್ತಿಲ್ಲ. ಏನು ಮಾಡಲಿ? — ಹೆಸರು ಬೇಡ, ಸಾಗರ ತಾಲ್ಲೂಕು*

ಮೊದಲು ಆ ಎರಡನೇ ಭಯ ಪಕ್ಕಕ್ಕಿಡಿ, ಮೊದಲನೆಯದರ ಬಗ್ಗೆ ಇವತ್ತೇ ಮಾತಾಡಿ. ಸುತ್ತಿಬಳಸಿ ಅಲ್ಲ, ನೇರವಾಗಿ. "ತಮ್ಮಾ, ಸಾಯೋ ಯೋಚನೆ ಬರ್ತಿದೆಯಾ?" ಅಂತ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗಲ್ಲ. ಒಳಗೇ ಇಟ್ಟುಕೊಂಡು ಒದ್ದಾಡುವವನಿಗೆ ಯಾರಾದರೂ ಕೇಳಿದರಲ್ಲ ಅಂತ ಉಸಿರು ಬಿಡುವ ಹಾಗಾಗುತ್ತದೆ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ರೂಮಿನಲ್ಲಿರುವ ಗೆಳೆಯನಿಗೆ ಹೇಳಿ, ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಎಷ್ಟು ಹೊತ್ತಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನೇ ಮಾಡಬೇಕು ಅಂತಿಲ್ಲ, ನೀವೂ ಮಾಡಿ ಕೇಳಬಹುದು.

ಇನ್ನು ದುಡ್ಡಿನ ಮಾತು. ಆ ಮೂರು ಲಕ್ಷವನ್ನು ಈಗಲೇ ನಂಬಬೇಡಿ. ನಿಮ್ಮ ತಮ್ಮ ಸುಳ್ಳುಗಾರ ಅಂತ ಹೇಳುತ್ತಿಲ್ಲ. ಇಂಥ ಸಾಲದಲ್ಲಿ ಬಿದ್ದವರು ಮೊದಲ ದಿನ ಹೇಳುವ ಅಂಕಿ ಅಂದರೆ, ಅವರಿಗೆ ಬಾಯಿಬಿಟ್ಟು ಹೇಳಲು ಧೈರ್ಯ ಬಂದಷ್ಟು. ಉಳಿದದ್ದನ್ನು ಹೇಗೋ ತಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡಿರುತ್ತಾರೆ. ಹೇಗೆ ನೋಡಿಕೊಳ್ಳುತ್ತಾರೆ ಹೇಳಿ? ಇನ್ನೊಂದು ಮ್ಯಾಚ್ ಆಡಿ. ನೀವು ಮೂರು ಲಕ್ಷ ಕಟ್ಟಿದ ಮೇಲೂ ಬಚ್ಚಿಟ್ಟ ಸಾಲ ಹಾಗೇ ಇರುತ್ತದೆ, ಅದನ್ನು ತೀರಿಸಲು ಅವನು ಮತ್ತೆ ಬೆಟ್ಟಿಂಗ್ ಐಡಿ ತೆಗೆಯುತ್ತಾನೆ. ಮನೋವೈದ್ಯರು ಜೂಜಿನ ಚಟ ಗುರುತಿಸಲು ನೋಡುವ ಲಕ್ಷಣಗಳಲ್ಲಿ, ಕಳೆದದ್ದನ್ನು ಗೆದ್ದು ತರುತ್ತೇನೆ ಅಂತ ಮತ್ತೆ ಆಡುವುದು ಒಂದು. ಇಕ್ಕಟ್ಟಿಗೆ ಸಿಕ್ಕಾಗ ಬೇರೆಯವರ ದುಡ್ಡನ್ನು ನಂಬಿಕೊಳ್ಳುವುದು ಇನ್ನೊಂದು. ಅಂದರೆ ನೀವು ಸಹಾಯ ಅಂದುಕೊಂಡು ಕೊಡುವ ದುಡ್ಡು ಕಾಯಿಲೆಯ ಒಂದು ಭಾಗವೇ ಆಗಿಬಿಡಬಹುದು.

ಹಾಗಂತ ಕೈತೊಳೆದುಕೊಳ್ಳಿ ಅಂತಲೂ ಅಲ್ಲ. "ದುಡ್ಡು ನಿನ್ನ ಕೈಗೆ ಕೊಡಲ್ಲ. ಭಾನುವಾರ ಬರ್ತೀನಿ, ಜೊತೆಗೆ ಕೂತು ಲೆಕ್ಕ ಮಾಡೋಣ. ಬೈಯಲ್ಲ" ಅನ್ನಿ. ಆಮೇಲೆ ನಿಜವಾಗಿಯೂ ಬೈಯಬೇಡಿ. ಪಟ್ಟಿ ಬರೆಯುವಾಗ ನೀವು ಒಮ್ಮೆ "ಅಯ್ಯೋ ದೇವರೇ, ಇದೂ ಇದೆಯಾ!" ಅಂದರೆ ಮುಗಿಯಿತು, ಅದರ ಮುಂದಿನ ಸಾಲ ಹೊರಗೆ ಬರುವುದೇ ಇಲ್ಲ. "ಯಾಕೆ ಹೀಗೆ ಮಾಡಿದೆ" ಅನ್ನುವ ಪ್ರಶ್ನೆಯನ್ನು ಈಗ ಬಿಡಿ, ಅದಕ್ಕೆ ಅವನ ಹತ್ತಿರವೂ ಉತ್ತರ ಇಲ್ಲ. ಯಾರಿಗೆ, ಎಷ್ಟು, ಯಾವಾಗಿನಿಂದ, ಏನು ಅಡ ಇಟ್ಟಿದ್ದೀಯ, ಎಲ್ಲಿ ಸಹಿ ಹಾಕಿದ್ದೀಯ. ಇಷ್ಟು ಕೇಳಿ.

ಬಾಯಿಮಾತಿನ ಪಟ್ಟಿ ಸಾಲದು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅವನಿಂದಲೇ ತೆಗೆಸಿ. ಗಮನ ಇಟ್ಟು ನೋಡಿದರೆ ಅದೇ ಕಥೆ ಹೇಳುತ್ತದೆ. ಹಗಲೆಲ್ಲ ಟೀ, ಪೆಟ್ರೋಲ್, ಮೆಸ್ಸು ಅಂತ ನಲವತ್ತು, ನೂರು, ಅರವತ್ತು. ಸಂಜೆ ಏಳೂವರೆ ದಾಟುತ್ತಿದ್ದ ಹಾಗೆ ಎರಡು ಸಾವಿರ, ಐದು ಸಾವಿರ, ಮತ್ತೆ ಐದು ಸಾವಿರ. ಎಲ್ಲ ಚಿಲ್ಲರೆ ಇಲ್ಲದ ಮೊತ್ತ, ಎಲ್ಲ ಯಾರೋ ಕಂಡು ಕೇಳದ ಹೆಸರುಗಳಿಗೆ, ಪ್ರತಿ ಸಲ ಬೇರೆ ಬೇರೆ ಹೆಸರು. ಬುಕ್ಕಿಯ ಏಜೆಂಟ್ ವಾಟ್ಸಾಪಿನಲ್ಲಿ ಐಡಿ, ಪಾಸ್‌ವರ್ಡ್ ಕೊಟ್ಟು, ಪಾಯಿಂಟಿಗೆ ದುಡ್ಡು ಹಾಕಿಸಿಕೊಳ್ಳುವುದು ಹೀಗೆ ಬಾಡಿಗೆ ಖಾತೆಗಳಿಗೆ. ತಮ್ಮನ ಖಾತೆಗೂ ಅಪರಿಚಿತರಿಂದ ದುಡ್ಡು ಬಂದು ತಕ್ಷಣ ಹೊರಗೆ ಹೋಗಿದೆಯಾ ಅಂತಲೂ ನೋಡಿ. ಹಾಗಿದ್ದರೆ ಅವನ ಖಾತೆಯನ್ನೇ ಅವರು ಬಳಸುತ್ತಿರಬಹುದು. ಪೊಲೀಸರಿಗೆ ದೂರು ಹೋದರೆ ಖಾತೆ ಫ್ರೀಜ್ ಆಗಬಹುದು, ಆ ಬಳಕೆಯನ್ನು ಇವತ್ತೇ ನಿಲ್ಲಿಸಬೇಕು. ಸಿಬಿಲ್ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ತೆಗೆಯಬಹುದು, ಬ್ಯಾಂಕು ಮತ್ತು ನೋಂದಾಯಿತ ಆ್ಯಪುಗಳ ಸಾಲ ಅದರಲ್ಲಿ ಕಾಣುತ್ತದೆ. ಕೈಸಾಲ, ಬಡ್ಡಿಯವರದ್ದು ಕಾಣಲ್ಲ.

ನನಗೆ ಗೊತ್ತಿರುವ ತೀರ್ಥಹಳ್ಳಿ ಕಡೆಯ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಹುಡುಗ ಅಣ್ಣನ ಹತ್ತಿರ ಎರಡು ಲಕ್ಷ ಅಂದಿದ್ದ. ಪಟ್ಟಿ ಬರೆದಾಗ ಬಂದದ್ದು 4,55,000. ಬ್ಯಾಂಕಿನ ಪರ್ಸನಲ್ ಲೋನ್ ಬಾಕಿ 1,80,000. ಅಮ್ಮನ ಸರ ಅಡ ಇಟ್ಟು 90,000, ಅಮ್ಮನಿಗೆ ಪಾಲಿಶ್‌ಗೆ ಕೊಟ್ಟಿದ್ದೇನೆ ಅಂದಿದ್ದನಂತೆ. ಗೆಳೆಯರ ಕೈಸಾಲ 60,000. ಮೀಟರ್ ಬಡ್ಡಿಯವರದ್ದು 50,000, ತಿಂಗಳಿಗೆ ನೂರಕ್ಕೆ ಹತ್ತು. ಎರಡು ಆ್ಯಪ್ ಸೇರಿ 35,000. ಬುಕ್ಕಿಗೆ ಬಾಕಿ 40,000.

ಅಣ್ಣನ ಹತ್ತಿರ ಅಡಿಕೆ ಮಾರಿದ ದುಡ್ಡಿತ್ತು, ಎಲ್ಲ ತೀರಿಸಿಬಿಡಬಹುದಿತ್ತು. ಅವನು ತೀರಿಸಿದ್ದು ಒಂದನ್ನೇ, ಮೀಟರ್ ಬಡ್ಡಿಯದ್ದು. ತಿಂಗಳಿಗೆ ಐದು ಸಾವಿರ ಬರೀ ಬಡ್ಡಿಗೇ ಹೋಗುತ್ತಿದ್ದರೆ ಹುಡುಗ ಯಾವ ಜನ್ಮಕ್ಕೂ ಮೇಲೇಳಲ್ಲ. ಅಡಮಾನ ಇಲ್ಲದ ಸಾಲಕ್ಕೆ ಲೇವಾದೇವಿಯವರು ಕಾನೂನು ಪ್ರಕಾರ ತೆಗೆದುಕೊಳ್ಳಬಹುದಾದ ಬಡ್ಡಿ ವರ್ಷಕ್ಕೆ ನೂರಕ್ಕೆ 16. ಇವರದ್ದು ವರ್ಷಕ್ಕೆ 120. ಅಣ್ಣ ಆ ಮಾತು ಎತ್ತಿದ, ಅಸಲು ಮಾತ್ರ ಅಂತ ಇತ್ಯರ್ಥ ಆಯಿತು. ದುಡ್ಡನ್ನು ತಮ್ಮನ ಕೈಗೆ ಕೊಡದೆ ಇಬ್ಬರು ಹಿರಿಯರ ಮುಂದೆ ತಾನೇ ಕೊಟ್ಟು, ತಮ್ಮ ಕೊಟ್ಟಿದ್ದ ಖಾಲಿ ಚೆಕ್ಕು, ಸಹಿ ಹಾಕಿದ ಬಾಂಡ್ ಪೇಪರು ಎರಡನ್ನೂ ವಾಪಸ್ ತೆಗೆದುಕೊಂಡ. ಈ ಕಾಗದ ವಾಪಸ್ ಪಡೆಯದೆ ದುಡ್ಡು ಕೊಟ್ಟು ಬಂದವರು ಎಷ್ಟು ಜನ!

ಉಳಿದದ್ದೆಲ್ಲ ತಮ್ಮನ ಸಂಬಳದಲ್ಲೇ. 26 ಸಾವಿರದಲ್ಲಿ ಬ್ಯಾಂಕಿನ ಕಂತು ಆರು ಸಾವಿರ ಚಿಲ್ಲರೆ, ಆ್ಯಪುಗಳಿಗೆ ಐದು, ಗೆಳೆಯರಿಗೆ ಮೂರು, ಸರದ ಬಡ್ಡಿ ಒಂದು ಸಾವಿರದ ಒಳಗೆ. ಉಳಿದ ಹನ್ನೊಂದು ಸಾವಿರದ ಹತ್ತಿರ ಹತ್ತಿರದಲ್ಲಿ ರೂಮು, ಊಟ. ಬಿಗಿ, ಆದರೆ ಆಗುತ್ತದೆ. ಗೆಳೆಯರಿಗೆ ಅವನೇ ಫೋನ್ ಮಾಡಿ "ಒಟ್ಟಿಗೆ ಕೊಡಕ್ಕಾಗಲ್ಲ, ತಿಂಗಳಿಗೆ ಇಷ್ಟು ಹಾಕ್ತೀನಿ" ಅಂತ ಹೇಳಬೇಕು ಅಂತ ಅಣ್ಣ ಹಠ ಹಿಡಿದ. ಅದು ಸರಿ ಅಂತಲೇ ನನಗನ್ನಿಸುತ್ತದೆ. ಅಣ್ಣ ಫೋನ್ ಮಾಡಿದ್ದರೆ ಸಾಲ ಅಣ್ಣನದ್ದಾಗುತ್ತಿತ್ತು.

ಬುಕ್ಕಿಗೆ ಕಟ್ಟಲಿಲ್ಲ. ಬಾಜಿಯ ಬಾಕಿಗೆ ಕೋರ್ಟಿನಲ್ಲಿ ದಾವಾ ನಿಲ್ಲಲ್ಲ, 1872ರ ಕರಾರು ಕಾಯ್ದೆಯಿಂದಲೂ ಅಷ್ಟೇ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ದುಡ್ಡಿನ ಆಟ ಆಡಿಸುವವರಿಗೂ ಜಾಹೀರಾತು ಮಾಡುವವರಿಗೂ ಶಿಕ್ಷೆ ಇದೆ, ಆಡಿದವರಿಗೆ ಇಲ್ಲ. ಹಾಗಾಗಿ ಬುಕ್ಕಿ ಮನೆಗೆ ಬರ್ತೀನಿ, ಅಪ್ಪನಿಗೆ ಹೇಳ್ತೀನಿ ಅಂತ ಹೆದರಿಸಿದರೆ ಮೆಸೇಜು, ಕಾಲ್ ರೆಕಾರ್ಡು ಉಳಿಸಿಕೊಂಡು ಠಾಣೆಗೆ ಹೋಗಬಹುದು. ಆದರೆ ನಿಮ್ಮ ತಮ್ಮ ಬುಕ್ಕಿಗೆ ಚೆಕ್ ಕೊಟ್ಟಿದ್ದರೆ ಸ್ವಲ್ಪ ತೊಡಕು. ಚೆಕ್ ಬೌನ್ಸ್ ಕೇಸು ಹಾಕಿ ಸತಾಯಿಸಬಹುದು. ಆಗ ಮೊದಲು ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, 15100 ಅವರ ನಂಬರು. ಸಾಲದ ಆ್ಯಪಿನವರು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೆ ಸಹಿಸಬೇಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಸಾಲಕ್ಕಿಂತ ಕಷ್ಟದ್ದು ಮುಂದಿನ ಸಂಬಳ ಬರುವ ದಿನ. ಕೈಯಲ್ಲಿ ದುಡ್ಡು, ಸಂಜೆ ಮ್ಯಾಚು, ರೂಮಿನಲ್ಲಿ ಒಬ್ಬನೇ. ಅದಕ್ಕೆ ಮೊದಲೇ ಏರ್ಪಾಡು ಬೇಕು. ಕಂತುಗಳೆಲ್ಲ ಸಂಬಳದ ಮರುದಿನವೇ ತಾನಾಗಿ ಕಡಿತ ಆಗುವ ಹಾಗೆ ಮಾಡಿಸಿ. ಯುಪಿಐ ಮಿತಿಯನ್ನು ದಿನಕ್ಕೆ ಒಂದೆರಡು ಸಾವಿರಕ್ಕೆ ಇಳಿಸಬಹುದು. ಕ್ರೆಡಿಟ್ ಕಾರ್ಡ್ ಇದ್ದರೆ ಬ್ಲಾಕ್. ಏಜೆಂಟ್ ನಂಬರು, ಟಿಪ್ಸ್ ಕೊಡುವ ಟೆಲಿಗ್ರಾಂ ಗುಂಪು ನಿಮ್ಮ ಮುಂದೆಯೇ ಅಳಿಸಲಿ. ಉಳಿದ ದುಡ್ಡು ಕೆಲವು ತಿಂಗಳು ನಿಮ್ಮ ಖಾತೆಯಲ್ಲಿರಲಿ, ವಾರಕ್ಕಿಷ್ಟು ಅಂತ ನೀವು ಹಾಕಿ. ಇದಕ್ಕೆ ಅವನು ಒಪ್ಪಬೇಕು, ಕದ್ದು ಅವನ ಫೋನ್ ನೋಡುವ ಪೊಲೀಸ್ ಕೆಲಸ ನಿಮಗೆ ಬೇಡ. ಒಪ್ಪದೇ ಇದ್ದರೆ? ಬರೀ ದುಡ್ಡು ಬೇಕು, ಸ್ಟೇಟ್‌ಮೆಂಟ್ ತೋರಿಸಲ್ಲ, ಇವತ್ತು ರಾತ್ರಿಯೊಳಗೇ ಬೇಕು ಅಂದರೆ ಆಟ ಇನ್ನೂ ನಿಂತಿಲ್ಲ ಅಂತಲೇ ತಿಳಿಯಿರಿ. ಆಗ ಒಂದು ರೂಪಾಯಿಯನ್ನೂ ಕೊಡಬೇಡಿ, ಫೋನ್ ಮಾತ್ರ ಎತ್ತುತ್ತಿರಿ.

ಮೆಗ್ಗಾನ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಜೂಜಿನ ಚಟ ಅಂತಲೇ ಹೇಳಿ ತೋರಿಸಿ, ನಾಚಿಕೆಗೆ "ನಿದ್ದೆ ಬರಲ್ಲ" ಅಂತ ಮಾತ್ರ ಹೇಳಿ ಮಾತ್ರೆ ತೆಗೆದುಕೊಂಡು ಬಂದರೆ ಏನೂ ಉಪಯೋಗ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನದ್ದು, ಆಡಬೇಕು ಅನ್ನಿಸುವ ಆ ಹೊತ್ತನ್ನು ದಾಟುವುದನ್ನು ಕಲಿಸುತ್ತಾರೆ. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿ. ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ನಮ್ಮ ಕಡೆ ಇನ್ನೊಂದು ಇದೆಯಲ್ಲ, ಸಿಗಂದೂರಿಗೋ ಧರ್ಮಸ್ಥಳಕ್ಕೋ ಕರೆದುಕೊಂಡು ಹೋಗಿ ಇನ್ನು ಆಡಲ್ಲ ಅಂತ ಆಣೆ ಮಾಡಿಸುವುದು. ಹೋಗಿ ಬನ್ನಿ, ಬೇಡ ಅನ್ನಲ್ಲ. ಆಣೆ ಮಾತ್ರ ಮಾಡಿಸಬೇಡಿ. ಈ ಚಟದಲ್ಲಿ ಒಂದೆರಡು ಸಲ ಜಾರುವುದು ಮಾಮೂಲು. ಆಣೆ ಮಾಡಿದವನು ಜಾರಿದರೆ ನಿಮ್ಮ ಹತ್ತಿರವೂ ಹೇಳಲ್ಲ, ದೇವರ ಮುಂದೆಯೂ ಹೋಗಲ್ಲ, ಎಲ್ಲ ಒಳಗೊಳಗೇ. ಅದರ ಬದಲು "ಆಡಿದರೆ ಮರುದಿನವೇ ನನಗೆ ಹೇಳು, ಎಷ್ಟಾದರೂ ಸರಿ" ಅಂತ ಮಾತು ತೆಗೆದುಕೊಳ್ಳಿ. ಹೇಳಿದ ದಿನ ನೀವು ಸಿಟ್ಟು ಮಾಡಿಕೊಳ್ಳದಿದ್ದರೆ ಈ ಏರ್ಪಾಡು ಉಳಿಯುತ್ತದೆ.

ಅಪ್ಪನಿಗೆ ಹೇಳಬೇಕು, ಆದರೆ ತಮ್ಮನೇ ಹೇಳಬೇಕು, ನೀವು ಪಕ್ಕದಲ್ಲಿರಿ. ತೋಟದ ಪಹಣಿ, ಅಡಿಕೆ ದುಡ್ಡು ಬರುವ ಪಾಸ್‌ಬುಕ್ಕು, ಅಪ್ಪನ ಓಟಿಪಿ ಬರುವ ಫೋನು ಎಲ್ಲ ಮನೆಯಲ್ಲೇ ಇರುವಾಗ ಅವರನ್ನು ಕತ್ತಲಲ್ಲಿ ಇಡುವುದು ಸರಿಯಲ್ಲ. ಅಪ್ಪ ಸಿಟ್ಟಿನಲ್ಲಿ ಮನೆಬಿಟ್ಟು ಹೋಗು ಅಂದುಬಿಡುವವರಾದರೆ ಅವರು ಮಾತು ಕೇಳುವ ಸೋದರಮಾವನನ್ನೋ ದೊಡ್ಡಪ್ಪನನ್ನೋ ಮೊದಲು ಕರೆದುಕೊಳ್ಳಿ. ಅಷ್ಟು ಜನ ಸಾಕು. ಅಡಿಕೆ ಸುಲಿಯುವ ಅಂಗಳದಲ್ಲಿ ರಾತ್ರಿ ಒಂದು ಸಲ ಈ ಮಾತು ಬಿದ್ದರೆ ಬೆಳಗಾಗುವುದರೊಳಗೆ ಊರು ದಾಟಿರುತ್ತದೆ.

ನಿಮ್ಮ ಯಜಮಾನರಿಗೆ ಭಾನುವಾರಕ್ಕೆ ಮುಂಚೆಯೇ ಹೇಳಿ. ಮುಚ್ಚಿಟ್ಟು ಬಳೆ ಅಡ ಇಟ್ಟರೆ ನಿಮ್ಮ ಮನೆಯಲ್ಲೂ ಒಂದು ಗುಟ್ಟು ಶುರುವಾಗುತ್ತದೆ. ಆ ತೀರ್ಥಹಳ್ಳಿ ಹುಡುಗ ಪಾಲಿಶ್ ಅಂದ ಹಾಗೆ ನೀವೂ ಏನಾದರೂ ಅನ್ನಬೇಕಾಗುತ್ತದೆ, ಅಲ್ವಾ? ಪಟ್ಟಿ ಬರೆದ ಮೇಲೆ ಮೀಟರ್ ಬಡ್ಡಿಯಂಥದ್ದು ಇದ್ದು, ಅಷ್ಟಕ್ಕೆ ಮಾತ್ರ ದುಡ್ಡು ಬೇಕು ಅನ್ನಿಸಿದರೆ, ಇಬ್ಬರೂ ಕೂತು ಎಷ್ಟು ಅಂತ ಮೊದಲೇ ನಿರ್ಧರಿಸಿ. ಎರಡು ಬಳೆ ಅಂತ ನಿರ್ಧರಿಸಿದರೆ ಎರಡೇ. ಅಡದ ಚೀಟಿ ನಿಮ್ಮ ಹೆಸರಲ್ಲಿ, ನಿಮ್ಮ ಬೀರುವಿನಲ್ಲಿ ಇರಲಿ, ಬಿಡಿಸಿಕೊಳ್ಳುವ ಕಂತು ತಮ್ಮನ ಸಂಬಳದಿಂದ ಬರಲಿ. ಜಾಮೀನು ಸಹಿ ಮಾತ್ರ ಎಲ್ಲೂ ಹಾಕಬೇಡಿ.