ಇಂದ್ರನ ಭಯ, ಮೇನಕೆಯ ಭಯ

ಮಾನ್ಯ ಸಂಪಾದಕರೇ,
ಕಳೆದ ತಿಂಗಳು ನಮ್ಮೂರ ದೇವಸ್ಥಾನದಲ್ಲಿ ‘ವಿಶ್ವಾಮಿತ್ರ–ಮೇನಕೆ’ ತಾಳಮದ್ದಲೆ ಇತ್ತು. ಮುಗಿಸಿ ಮನೆಗೆ ಬರುವಾಗ ಪಿಯುಸಿ ಓದುವ ಮಗಳು ಕೇಳಿದಳು: “ಕಾಡಿನಲ್ಲಿ ತನ್ನ ಪಾಡಿಗೆ ಕುಳಿತವನನ್ನು ಕಂಡು ದೇವತೆಗಳಿಗೆ ಯಾಕೆ ಹೆದರಿಕೆ? ಹೆದರಿದವನು ಇಂದ್ರ, ಸೋತವನು ಋಷಿ, ಕೆಟ್ಟ ಹೆಸರು ಮಾತ್ರ ಮೇನಕೆಗೆ. ಇದು ಯಾವ ನ್ಯಾಯ?” ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಪ್ರಿಯ ಓದುಗರೇ,

ನಿಮ್ಮ ಮಗಳ ಪ್ರಶ್ನೆಯ ಅರ್ಧ ಭಾಗವನ್ನು ಮೇನಕೆಯೇ ಇಂದ್ರನ ಮುಂದೆ ನಿಂತು ಕೇಳಿದ್ದಾಳೆ ಎಂದು ಮೊದಲು ಅವಳಿಗೆ ಹೇಳಿ. ಮಹಾಭಾರತದ ಆದಿಪರ್ವದಲ್ಲಿ ಅದು ಬರುತ್ತದೆ. ವಿಶ್ವಾಮಿತ್ರ ತನ್ನನ್ನು ಪದವಿಯಿಂದ ಕೆಡವಿಯಾನು ಎಂದು ಅಂಜಿದ ಇಂದ್ರ ಅವಳನ್ನು ಕರೆದು ಕೆಲಸ ಒಪ್ಪಿಸುತ್ತಾನೆ. ಅವಳು ಕೂಡಲೇ ಒಪ್ಪುವುದಿಲ್ಲ. ಆ ಮುನಿ ಏನೇನು ಮಾಡಿದವನೆಂದು ಒಂದೊಂದಾಗಿ ಎಣಿಸುತ್ತಾಳೆ: ವಸಿಷ್ಠರಿಗೆ ಪುತ್ರಶೋಕ ತಂದವನು, ಕ್ಷತ್ರಿಯನಾಗಿ ಹುಟ್ಟಿ ಬಲದಿಂದ ಬ್ರಾಹ್ಮಣನಾದವನು, ಬೇರೆಯೇ ನಕ್ಷತ್ರಗಳನ್ನು ಸೃಷ್ಟಿಸಿದವನು. ಜೊತೆಗೆ ಕೇಳುತ್ತಾಳೆ: ಯಾರ ತೇಜಸ್ಸಿಗೆ, ತಪಸ್ಸಿಗೆ, ಕೋಪಕ್ಕೆ ನೀನೇ ನಡುಗುತ್ತೀಯೋ ಅವನಿಗೆ ನಾನು ಹೆದರದಿರುವುದು ಹೇಗೆ? ಹೋಗಲೇಬೇಕಾದರೆ ನನಗೆ ರಕ್ಷಣೆ ಬೇಕು, ಗಾಳಿ ಜೊತೆಗಿರಲಿ, ಮನ್ಮಥ ಜೊತೆಗಿರಲಿ ಎಂದು ಷರತ್ತು ಹಾಕಿ ಹೊರಡುತ್ತಾಳೆ.

ಚಿಕ್ಕಂದಿನಲ್ಲಿ ಘಟ್ಟದ ಮೇಲಿನ ಒಂದು ಮನೆಯ ಜಗಲಿಯಲ್ಲಿ ಈ ಸಂದರ್ಭವನ್ನು ಕೇಳಿದ ನೆನಪು ನನಗೆ ಇನ್ನೂ ಹಸಿರಾಗಿದೆ. ಮೇನಕೆಯ ಅರ್ಥ ಹೇಳುತ್ತಿದ್ದವರು ಬಿಳಿ ಪಂಚೆಯುಟ್ಟು ಶಾಲು ಹೊದ್ದ ಹಿರಿಯರು. ಪದ್ಯ ಮುಗಿದು ಮದ್ದಲೆ ನಿಂತಿತು. ಅವರು ಬಾಯಿ ತೆರೆಯಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ದೇವೇಂದ್ರಾ, ಅವನು ಕಣ್ಣು ತೆರೆದಾಗ ಎದುರಿಗಿರುವವಳು ನಾನು” ಎಂದರು. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು. ಮೇನಕೆಯನ್ನು ಬರಿಯ ಬೆಡಗಿನ ಹೆಣ್ಣಾಗಿ ಕಾಣುವುದು ನನಗೆ ಆ ರಾತ್ರಿಯಿಂದ ಸಾಧ್ಯವಾಗಿಲ್ಲ.

ಇನ್ನು ಇಂದ್ರನ ಭಯ. ಇಂದ್ರ ಎಂಬುದು ಒಬ್ಬನ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಪದವಿ. ಮನ್ವಂತರ ಬದಲಾದಾಗ ಇಂದ್ರನೂ ಬದಲಾಗುತ್ತಾನೆ; ಈಗಿನವನು ಪುರಂದರ, ಮುಂದಿನವನು ಬಲಿ ಎಂದು ಪುರಾಣಗಳು ಹೇಳುತ್ತವೆ. ವೃತ್ರನನ್ನು ಕೊಂದು ಇಂದ್ರ ಅಡಗಿ ಕುಳಿತಾಗ ಮನುಷ್ಯನಾದ ನಹುಷ ಆ ಪೀಠದ ಮೇಲೆ ಕುಳಿತದ್ದೂ ಉಂಟು. ಹಾಗಾಗಿ ಅವನ ಭಯಕ್ಕೆ ಆಧಾರವಿದೆ. ತಪಸ್ಸು ಎಂಬ ಪದದಲ್ಲೇ ಕಾವು ಇದೆ. ನಿಮ್ಮ ಬಚ್ಚಲ ಒಲೆಯ ಮೇಲಿನ ಹಂಡೆಯನ್ನು ನೆನೆಯಿರಿ: ಒಲೆ ಉರಿದಷ್ಟೂ ಒಳಗಿನ ನೀರು ಕಾಯುತ್ತದೆ, ತೋಡಿದಷ್ಟೂ ಕಡಿಮೆಯಾಗುತ್ತದೆ. ಋಷಿಯ ತಪಸ್ಸೂ ಹಾಗೆ ಕೂಡುತ್ತದೆ, ಹಾಗೆಯೇ ಖರ್ಚಾಗುತ್ತದೆ. ಸಾಕಷ್ಟು ಕೂಡಿಟ್ಟವನು ಕೇಳಿದ್ದನ್ನು ಬ್ರಹ್ಮನೋ ಶಿವನೋ ಕೊಡಲೇಬೇಕು. ಕೂಡಿದ ಮೇಲೆ ತಡೆಯಲು ಹೊರಟರೆ ಎಷ್ಟು ಪಾಡು ಎಂಬುದನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ರಾವಣ ತಪಸ್ಸು ಮುಗಿಸಿ ಆತ್ಮಲಿಂಗವನ್ನು ಕೈಯಲ್ಲಿ ಹಿಡಿದು ಹೊರಟ ಮೇಲೆ ಗಣಪತಿ ವಟುವಾಗಿ ಬಂದು ಗೋಕರ್ಣದಲ್ಲಿ ಅದನ್ನು ನೆಲಕ್ಕೆ ಇಡಬೇಕಾಯಿತು, ರಾವಣನ ಗುದ್ದನ್ನು ತಲೆಯ ಮೇಲೆ ತಿನ್ನಬೇಕಾಯಿತು. ಅದಕ್ಕಿಂತ ಹಂಡೆ ತುಂಬುವ ಮೊದಲೇ ತೋಡಿಸಿಬಿಡುವುದು ಸುಲಭ. ತಪೋಭಂಗವೆಂದರೆ ಅಷ್ಟೇ.

ಈ ಲೆಕ್ಕವನ್ನು ವಾಲ್ಮೀಕಿಯಷ್ಟು ಚೊಕ್ಕವಾಗಿ ತೋರಿಸಿದವರು ನನಗೆ ಕಂಡಿಲ್ಲ. ಬಾಲಕಾಂಡದ 51ರಿಂದ 65ರವರೆಗಿನ ಸರ್ಗಗಳಲ್ಲಿ ವಿಶ್ವಾಮಿತ್ರನ ಕಥೆ ಬರುತ್ತದೆ. ಅವನು ತಪಸ್ಸಿಗೆ ಕುಳಿತ ದಿಕ್ಕುಗಳನ್ನು ಮಾತ್ರ ಗಮನಿಸಿ. ವಸಿಷ್ಠರ ಹಸುವನ್ನು ಕಿತ್ತುಕೊಳ್ಳಲು ಹೋಗಿ ಸೋತ ಅರಸ, ಹಿಮಾಲಯದ ಬದಿಯಲ್ಲಿ ತಪಸ್ಸು ಮಾಡಿ ಶಿವನಿಂದ ಅಸ್ತ್ರ ಪಡೆದು ಬಂದು ಮತ್ತೊಮ್ಮೆ ಸೋತ ಮೇಲೆ, ಬ್ರಾಹ್ಮಣತ್ವ ಬಯಸಿ ದಕ್ಷಿಣಕ್ಕೆ ಹೋಗುತ್ತಾನೆ. ಸಾವಿರ ವರ್ಷ ಕಳೆದು ಬ್ರಹ್ಮ ಬಂದು ರಾಜರ್ಷಿ ಎನ್ನುತ್ತಾನೆ. ಇಷ್ಟಕ್ಕೆ ಇಷ್ಟೇ ಫಲವೇ ಎಂದು ಅವನಿಗೆ ನಾಚಿಕೆಯಾಗುತ್ತದೆ. ಅಲ್ಲಿ ಕೂಡಿಟ್ಟದ್ದು ತ್ರಿಶಂಕುವನ್ನು ಸಶರೀರ ಸ್ವರ್ಗಕ್ಕೆ ಏರಿಸುವುದಕ್ಕೆ, ಅಡ್ಡ ಬಂದ ವಸಿಷ್ಠರ ಮಕ್ಕಳನ್ನು ಶಪಿಸುವುದಕ್ಕೆ ಹೋಯಿತು. ಜಾಗ ಬಿಟ್ಟು ಪಶ್ಚಿಮದ ಪುಷ್ಕರಕ್ಕೆ ಬರುತ್ತಾನೆ. ಅಲ್ಲಿ ಯಜ್ಞಪಶುವಾಗಿ ಮಾರಾಟವಾಗಿದ್ದ ಹುಡುಗ ಶುನಶ್ಶೇಪನನ್ನು ಉಳಿಸಲು ಮುಂದಾಗುತ್ತಾನೆ, ಮಾತು ಕೇಳದ ಸ್ವಂತ ಮಕ್ಕಳನ್ನೇ ಶಪಿಸುತ್ತಾನೆ. ಮತ್ತೆ ಸಾವಿರ ವರ್ಷ. ಈಗ ಋಷಿ ಎನಿಸಿಕೊಳ್ಳುತ್ತಾನೆ. ಇಲ್ಲಿಯವರೆಗೆ ಯಾವ ಅಪ್ಸರೆಯೂ ಬಂದಿಲ್ಲ, ಹಂಡೆ ಆಗಲೇ ಎರಡು ಸಲ ಬರಿದಾಗಿದೆ ಎಂಬುದನ್ನು ನಿಮ್ಮ ಮಗಳು ಗುರುತಿಸಿಕೊಳ್ಳಲಿ.

ಮೇನಕೆ ಬರುವುದು ಆಮೇಲೆ. ಇಲ್ಲಿ ವಾಲ್ಮೀಕಿಯ ಕಥೆ ಮಹಾಭಾರತಕ್ಕಿಂತ ಬೇರೆ. ಇಂದ್ರ ಅವಳನ್ನು ಕಳಿಸಿದ ಪ್ರಸ್ತಾಪವೇ ಇಲ್ಲ. ಅವಳು ಪುಷ್ಕರಕ್ಕೆ ಸ್ನಾನಕ್ಕೆ ಬಂದಿದ್ದಾಳೆ. ನೋಡಿದವನು ಮುನಿ, ಮೊದಲು ಮಾತನಾಡಿದವನೂ ಮುನಿ. ನಿನಗೆ ಸ್ವಾಗತ, ನನ್ನ ಆಶ್ರಮದಲ್ಲಿ ಇರು, ಮದನನಿಂದ ಮೋಹಿತನಾದ ನನ್ನ ಮೇಲೆ ಅನುಗ್ರಹ ಮಾಡು ಎಂದು ಕೇಳಿಕೊಳ್ಳುತ್ತಾನೆ. ಐದು ವರ್ಷ, ಮತ್ತೆ ಐದು ವರ್ಷ ಕಳೆಯುತ್ತದೆ. ಎಚ್ಚರವಾದಾಗ ಹತ್ತು ವರ್ಷ ಒಂದು ಹಗಲು ಒಂದು ರಾತ್ರಿಯಂತೆ ಹೋಯಿತಲ್ಲ ಎಂದು ಹಳಹಳಿಸುತ್ತಾನೆ, ಇದೆಲ್ಲ ನನ್ನ ತಪಸ್ಸು ಅಪಹರಿಸಲು ದೇವತೆಗಳು ಹೂಡಿದ್ದು ಎಂದುಕೊಳ್ಳುತ್ತಾನೆ. ಮೇನಕೆ ಕೈಮುಗಿದು ನಡುಗುತ್ತ ನಿಂತಿದ್ದಾಳೆ. ಅವಳಿಗೆ ಅವನು ಶಾಪ ಕೊಡುವುದಿಲ್ಲ. ಸವಿಮಾತು ಆಡಿ ಕಳಿಸಿಕೊಡುತ್ತಾನೆ. ಶಕುಂತಲೆಯ ಹೆಸರು ಇಲ್ಲಿ ಬರುವುದೇ ಇಲ್ಲ. ಮಾಲಿನೀ ತೀರದಲ್ಲಿ ಬಿಟ್ಟ ಮಗುವನ್ನು ಹಕ್ಕಿಗಳು ಕಾದದ್ದು, ಕಣ್ವರು ಎತ್ತಿಕೊಂಡದ್ದು ಮಹಾಭಾರತದ ಭಾಗ. ನಮ್ಮ ಪ್ರಸಂಗಗಳು ಎರಡನ್ನೂ ಬೆಸೆದು ಆಡಿಸುವುದರಿಂದ ಮೇನಕೆಯೇ ಅವನ ದೊಡ್ಡ ಸೋಲು ಎಂಬ ಭಾವನೆ ಉಳಿದುಬಿಟ್ಟಿದೆ.

ದೊಡ್ಡ ಸೋಲು ಉತ್ತರದಲ್ಲಿ ಕಾದಿತ್ತು. ಹಿಮಾಲಯದ ಬದಿಯ ಕೌಶಿಕೀ ತೀರದಲ್ಲಿ ಸಾವಿರ ವರ್ಷ ಕಳೆದ ಮೇಲೆ ಬ್ರಹ್ಮ ಅವನನ್ನು ಮಹರ್ಷಿ ಎನ್ನುತ್ತಾನೆ. ಹಾಗಾದರೆ ನಾನು ಜಿತೇಂದ್ರಿಯನಾದೆನೇ ಎಂದು ಇವನು ಕೇಳಿದರೆ, ಇನ್ನೂ ಇಲ್ಲ, ಪ್ರಯತ್ನಿಸು ಎಂಬ ಉತ್ತರ ಸಿಗುತ್ತದೆ. ಆಗ ತೋಳೆತ್ತಿ ನಿಂತು, ಬೇಸಗೆಯಲ್ಲಿ ಪಂಚಾಗ್ನಿಯ ನಡುವೆ, ಮಳೆಗಾಲದಲ್ಲಿ ಬಯಲಿನಲ್ಲಿ, ಚಳಿಯಲ್ಲಿ ನೀರಿನೊಳಗೆ ತಪಸ್ಸು ಮಾಡುತ್ತಾನೆ. ಇಂದ್ರ ಈಗ ರಂಭೆಯನ್ನು ಕರೆಯುತ್ತಾನೆ. ಅವಳೂ ಕೈಮುಗಿದು, ಅವನು ನನ್ನ ಮೇಲೆ ಘೋರ ಕೋಪ ಕಾರುತ್ತಾನೆ, ಬೇಡ ಎನ್ನುತ್ತಾಳೆ. ಹೆದರಬೇಡ, ನಾನೇ ಕೋಗಿಲೆಯಾಗಿ ನಿನ್ನ ಪಕ್ಕದ ಮರದಲ್ಲಿರುತ್ತೇನೆ, ಮನ್ಮಥನೂ ಇರುತ್ತಾನೆ ಎಂದು ಇಂದ್ರ ಧೈರ್ಯ ಹೇಳಿ ಕಳಿಸುತ್ತಾನೆ.

ಈ ಸಲ ಮುನಿ ಮೋಹಗೊಳ್ಳಲಿಲ್ಲ. ಕೋಗಿಲೆಯ ದನಿ, ಅದರ ಜೊತೆ ಹಾಡು, ಎದುರಿಗೆ ರಂಭೆ. ನೋಡಿದ ಕೂಡಲೇ ಅನುಮಾನ ಬಂತು, ಇಂದ್ರನ ಕೈವಾಡ ತಿಳಿಯಿತು. ಕಾಮವನ್ನು ಗೆದ್ದಾಗಿತ್ತು. ಆದರೆ ತಿಳಿದ ಆ ಕ್ಷಣದಲ್ಲೇ ಸಿಟ್ಟು ನೆತ್ತಿಗೇರಿತು: ಹತ್ತು ಸಾವಿರ ವರ್ಷ ಕಲ್ಲಾಗಿ ಬಿದ್ದಿರು ಎಂದು ರಂಭೆಯನ್ನು ಶಪಿಸಿಬಿಟ್ಟ. ಶಾಪ ಕಿವಿಗೆ ಬಿದ್ದದ್ದೇ ಮನ್ಮಥನೂ ಇಂದ್ರನೂ ಅಲ್ಲಿಂದ ಕಾಲ್ತೆಗೆದರು. ಕೂಡಿಟ್ಟ ತಪಸ್ಸೆಲ್ಲ ಆ ಒಂದು ಮಾತಿನಲ್ಲಿ ಹೋಯಿತು. ನಿಮ್ಮ ಮಗಳಿಗೆ ನೋವಾಗಬೇಕಾದ ಜಾಗ ನಿಜವಾಗಿ ಇದು. ರಂಭೆ ಬೇಡವೆಂದಿದ್ದಳು; ಕಳಿಸಿದವನು ಹಾರಿಹೋದ, ಅವಳು ಕಲ್ಲಾದಳು. ಈ ಅನ್ಯಾಯವನ್ನು ಕಥೆ ಮುಚ್ಚಿಡುವುದಿಲ್ಲ, ಋಷಿಗೆ ಆಮೇಲೆ ಶಾಂತಿ ಸಿಗಲಿಲ್ಲ ಎಂದು ಬಾಯಿಬಿಟ್ಟೇ ಹೇಳುತ್ತದೆ.

ಉಳಿದದ್ದು ಪೂರ್ವ ದಿಕ್ಕು. ಇನ್ನು ಸಿಟ್ಟಾಗುವುದಿಲ್ಲ, ಮಾತನ್ನೇ ಆಡುವುದಿಲ್ಲ ಎಂಬ ಸಂಕಲ್ಪ. ಸಾವಿರ ವರ್ಷ ಮೌನದಲ್ಲಿ ಕಟ್ಟಿಗೆಯಂತಾಗುತ್ತಾನೆ. ವ್ರತ ಮುಗಿಯಿತು, ಅನ್ನ ಸಿದ್ಧವಾಯಿತು, ಉಣ್ಣಲು ಕುಳಿತ. ಆಗ ಇಂದ್ರ ಕೊನೆಯ ಸಲ ಬರುತ್ತಾನೆ. ಅಪ್ಸರೆ ಇಲ್ಲ, ವಸಂತವಿಲ್ಲ, ಕೋಗಿಲೆಯಿಲ್ಲ. ಒಬ್ಬ ಬ್ರಾಹ್ಮಣನಾಗಿ ಬಂದು ಆ ಅನ್ನವನ್ನು ಕೇಳುತ್ತಾನೆ. ಸಾವಿರ ವರ್ಷದ ಹಸಿವು, ಎದುರಿಗೆ ಒಂದೇ ಊಟ. ವಿಶ್ವಾಮಿತ್ರ ಅಷ್ಟನ್ನೂ ಕೊಟ್ಟುಬಿಡುತ್ತಾನೆ, ಒಂದು ಅಗುಳೂ ಉಳಿಯುವುದಿಲ್ಲ. ಮಾತಾಡುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ಉಣ್ಣದೆಯೇ ಮತ್ತೆ ಉಸಿರು ಬಿಗಿಹಿಡಿದು ಕುಳಿತುಕೊಳ್ಳುತ್ತಾನೆ. ಮೇನಕೆಗೆ ಸೋತವನು, ರಂಭೆಯ ಎದುರು ಕೋಪಕ್ಕೆ ಸೋತವನು ಗೆದ್ದದ್ದು ಈ ಅನ್ನದ ಮುಂದೆ. ಈ ಭಾಗವನ್ನು ಹಿಡಿದು ಅರ್ಥ ಹೇಳಿದವರನ್ನು ನಾನು ಹೆಚ್ಚು ಕೇಳಿಲ್ಲ. ಕೇಳುವ ಆಸೆ ಬಹಳ ಇದೆ.

ಕೊನೆಗೆ ಅವನ ನೆತ್ತಿಯಿಂದ ಹೊಗೆ ಏಳುತ್ತದೆ, ಲೋಕ ಬೇಯುತ್ತದೆ. ದೇವತೆಗಳು ಬ್ರಹ್ಮನ ಬಳಿಗೆ ಓಡಿ ತಪ್ಪೊಪ್ಪಿಕೊಂಡಂತೆ ಹೇಳುತ್ತಾರೆ: ಆಸೆ ಹುಟ್ಟಿಸಿ ನೋಡಿದೆವು, ಕೋಪ ಬರಿಸಿ ನೋಡಿದೆವು, ಅವನ ತಪಸ್ಸು ಬೆಳೆಯುತ್ತಲೇ ಇದೆ, ದೇವರಾಜ್ಯವನ್ನೇ ಕೇಳಿದರೂ ಕೊಟ್ಟುಬಿಡು. ಇಷ್ಟು ಕಾಲ ಕಾಪಾಡಿಕೊಂಡ ಪದವಿಯನ್ನು ತಾವಾಗಿಯೇ ಕೈಚೆಲ್ಲಿದ್ದಾರೆ. ಅವನಾದರೋ ಅದನ್ನು ಕೇಳುವುದೇ ಇಲ್ಲ. ಓಂಕಾರ, ವಷಟ್ಕಾರ, ವೇದಗಳು ನನ್ನನ್ನು ವರಿಸಲಿ, ನಾನು ಬ್ರಹ್ಮರ್ಷಿಯೆಂದು ವಸಿಷ್ಠರು ಹೇಳಲಿ ಎನ್ನುತ್ತಾನೆ. ವಸಿಷ್ಠರು ಬಂದು ಒಪ್ಪುತ್ತಾರೆ, ಇಬ್ಬರೂ ಸ್ನೇಹಿತರಾಗುತ್ತಾರೆ.

ಇನ್ನೊಂದು ಸಂಗತಿಯನ್ನು ಮಗಳಿಗೆ ಹೇಳದೆ ಬಿಡಬೇಡಿ. ವಾಲ್ಮೀಕಿಯಲ್ಲಿ ಈ ಕಥೆಯನ್ನು ಹೇಳುವುದು ಮಿಥಿಲೆಯಲ್ಲಿ. ಕೇಳುವವನು ಹದಿಹರೆಯದ ರಾಮ, ಪಕ್ಕದಲ್ಲೇ ಸ್ವತಃ ವಿಶ್ವಾಮಿತ್ರ ಕುಳಿತಿದ್ದಾನೆ. ಹತ್ತು ವರ್ಷದ ಮೋಹವನ್ನೂ ರಂಭೆಯ ಶಾಪವನ್ನೂ ಅವನ ಎದುರಿನಲ್ಲೇ ಒಂದನ್ನೂ ಬಿಡದೆ ಹೇಳಲಾಗುತ್ತದೆ. ಹೇಳುತ್ತಿರುವವನು ಶತಾನಂದ, ಅಹಲ್ಯೆಯ ಮಗ. ಇಂದ್ರ ವೇಷ ಮರೆಸಿಕೊಂಡು ಬಂದುಹೋದ ಮೇಲೆ ಶಾಪ ಹೊತ್ತು, ಯಾರ ಕಣ್ಣಿಗೂ ಬೀಳದೆ ಆಶ್ರಮದ ಬೂದಿಯಲ್ಲಿ ಮಲಗಿದ್ದ ತನ್ನ ತಾಯಿ ಈಗಷ್ಟೇ ಎದ್ದು ನಿಂತಳು ಎಂಬ ಸುದ್ದಿಯನ್ನು ಆ ಹೊತ್ತಿಗೆ ಅವನು ಇದೇ ವಿಶ್ವಾಮಿತ್ರನ ಬಾಯಿಂದ ಕೇಳಿದ್ದಾನೆ.

— ಸಂಪಾದಕ