ಕೊರತೆ ಒಂದು ವರ್ಷದ್ದು, ಸಾಲ ಎಲ್ಲ ವರ್ಷಗಳದ್ದು

ಬಜೆಟ್ ಕೊರತೆಗೂ ಸರ್ಕಾರದ ಸಾಲಕ್ಕೂ ಏನು ವ್ಯತ್ಯಾಸ? ಸಾಲದ ಮೊತ್ತ ಬಿಟ್ಟು ಜಿಡಿಪಿ ಅನುಪಾತ ಯಾಕೆ ನೋಡ್ತಾರೆ?

ಕೊರತೆ ಅಂದರೆ ಒಂದು ವರ್ಷದಲ್ಲಿ ಸರ್ಕಾರ ಆದಾಯ ಮೀರಿ ಮಾಡಿದ ಖರ್ಚು. ಸಾಲ ಅಂದರೆ ಇಂಥ ಕೊರತೆಗಳಿಗಾಗಿ ತಂದು ಇನ್ನೂ ತೀರಿಸದ ಒಟ್ಟು ಬಾಕಿ. ಹಾಗಾಗಿ ಕೊರತೆ ಇಳಿದರೂ ಸಾಲ ಬೆಳೆಯುತ್ತಲೇ ಇರುತ್ತದೆ. ತುಂಬಾ ಜನ ಎಡವುವುದು ಇಲ್ಲೇ.

ಬಡ್ಡಿ ಕಟ್ಟಲು ಬೇಕಾದ ತೆರಿಗೆ ಬರುವುದು ದೇಶದ ಒಟ್ಟು ಉತ್ಪನ್ನದಿಂದ, ಅಂದರೆ ಜಿಡಿಪಿಯಿಂದ. ಅದಕ್ಕೇ ಅನುಪಾತ ಮುಖ್ಯ. ಜಿಡಿಪಿ 100, ಸಾಲ 60 ಅನ್ನಿ. ಈ ವರ್ಷ ಕೊರತೆ 3 ಆದರೆ ಸಾಲ 63 ಆಗುತ್ತದೆ. ಬೆಲೆಯೇರಿಕೆಯೂ ಸೇರಿ ಜಿಡಿಪಿ 105ಕ್ಕೆ ಏರಿದರೆ ಅನುಪಾತ ಮತ್ತೆ ಶೇ 60. ಸಾಲ ಜಾಸ್ತಿಯಾಯಿತು, ಹೊರೆ ಜಾಸ್ತಿಯಾಗಲಿಲ್ಲ ಅಲ್ವಾ? ಜಿಡಿಪಿ 102ಕ್ಕೇ ನಿಂತರೆ ಅದೇ ಕೊರತೆ ಅನುಪಾತವನ್ನು ಸುಮಾರು ಶೇ 62ಕ್ಕೆ ಏರಿಸುತ್ತದೆ.